ಮ್ಯೂನಿಕ್ ರಾಜ್ಯೋತ್ಸವ ಸಂಜೆ: ಒಬ್ಬರೇ ಬರುವ ಯುವಜನರಿಗೆ ಟಿಕೆಟ್ ಪ್ರಕಟಣೆ ಹೇಗಿರಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನ ನಮ್ಮ ಕನ್ನಡ ಸಂಘದ ವಾರ್ಷಿಕ ಸಾಂಸ್ಕೃತಿಕ ಸಂಜೆಯ ಟಿಕೆಟ್ ಪ್ರಚಾರವನ್ನು ಈ ವರ್ಷ ಸಮಿತಿಯು ನನಗೆ ವಹಿಸಿದೆ. ಕಾರ್ಯಕ್ರಮ 2026ರ ನವೆಂಬರ್ 14ರ ಶನಿವಾರ ನಡೆಯಲಿದೆ. ಪ್ರತಿ ವರ್ಷವೂ ಸಭಾಂಗಣ ತುಂಬುವುದು ಮಕ್ಕಳಿರುವ ಕುಟುಂಬಗಳಿಂದ. ಆದರೆ ಈಚೆಗೆ ಕೆಲಸಕ್ಕೆಂದು ಬಂದು, ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಇರುವ ಯುವಕ ಯುವತಿಯರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ನೂರಾರು ಮಂದಿ ಇದ್ದರೂ ಕಾರ್ಯಕ್ರಮಕ್ಕೆ ಬರುವವರು ಬೆರಳೆಣಿಕೆಯಷ್ಟು. ಊರಿನ ನೆನಪು ಅತಿ ಹೆಚ್ಚು ಕಾಡುವುದು ಇವರನ್ನೇ ಎಂದು ಗೊತ್ತಿದ್ದೂ ನಾವು ಅವರನ್ನು ತಲುಪುತ್ತಿಲ್ಲ. ಸಮಿತಿಯ ಮುಂದೆ ಇಡಬೇಕಾದ ಕರಡು ಹೀಗಿದೆ, ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

"ಕನ್ನಡದ ಕಂಪನ್ನು ಪಸರಿಸುವ ಅದ್ಧೂರಿ ಸಾಂಸ್ಕೃತಿಕ ಸಂಜೆಗೆ ತಮಗೆಲ್ಲರಿಗೂ ಆದರದ ಸ್ವಾಗತ. ನೃತ್ಯ, ಸಂಗೀತ, ನಾಟಕ ಹಾಗೂ ರುಚಿಕರ ಭೋಜನವಿರುತ್ತದೆ. ನಾಲ್ವರ ಕುಟುಂಬಕ್ಕೆ 90 ಯೂರೋ, ಸದಸ್ಯರಿಗೆ 30 ಯೂರೋ, ಇತರರಿಗೆ 38 ಯೂರೋ. ಆಸನಗಳು ಸೀಮಿತ, ಇಂದೇ ಕಾಯ್ದಿರಿಸಿ."

ಬಸವನಗುಡಿಯವ

ಕರಡು ಚೆನ್ನಾಗಿದೆ. ಆದರೆ ದಿನಾಂಕವನ್ನು ಏಕೆ ಬದಲಾಯಿಸಬಾರದು? ಈ ವರ್ಷ ನವೆಂಬರ್ 1 ಭಾನುವಾರವೇ ಬಂದಿದೆ. ರಾಜ್ಯೋತ್ಸವವನ್ನು ರಾಜ್ಯೋತ್ಸವದ ದಿನವೇ ಮಾಡಿದರೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕಿಲ್ಲ. ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಿ ಹಣ ಪಡೆಯುವ ಹಕ್ಕು ಜರ್ಮನಿಯ ಕಾನೂನಿನಲ್ಲಿದೆ. ಅದನ್ನು ಪ್ರಕಟಣೆಯಲ್ಲಿ ಹಾಕಿದರೆ ಯುವಕರು ಧೈರ್ಯವಾಗಿ ಟಿಕೆಟ್ ಕೊಳ್ಳುತ್ತಾರೆ.

ಹಳೆಯ ಖಜಾಂಚಿ

ಬಸವನಗುಡಿಯವರೇ, ನಿಮ್ಮ ಎರಡು ಮಾತುಗಳಿಗೂ ಆಧಾರವಿದೆ, ಆದರೆ ಎರಡೂ ನಮ್ಮ ಕಾರ್ಯಕ್ರಮಕ್ಕೆ ಒಗ್ಗುವುದಿಲ್ಲ. ಬವೇರಿಯಾದಲ್ಲಿ ನವೆಂಬರ್ 1 ಕ್ರೈಸ್ತರ ಸರ್ವ ಸಂತರ ದಿನ. ಅದು ರಜೆಯ ದಿನವಷ್ಟೇ ಅಲ್ಲ, ಕಾನೂನಿನ ಪ್ರಕಾರ ಮೌನದ ದಿನವೂ ಹೌದು. ಬೆಳಗಿನ ಜಾವ 2 ಗಂಟೆಯಿಂದ ನಡುರಾತ್ರಿಯವರೆಗೆ ಆ ದಿನದ ಗಾಂಭೀರ್ಯಕ್ಕೆ ಹೊಂದದ ಸಾರ್ವಜನಿಕ ಮನರಂಜನೆಗೆ ಅವಕಾಶವಿಲ್ಲ. ಚಲನಚಿತ್ರ ಗೀತೆ, ಕುಣಿತ, ಹಾಸ್ಯ ನಾಟಕ ಇರುವ ಸಂಜೆಯನ್ನು ಅಂದು ಇಟ್ಟುಕೊಳ್ಳುವ ಮಾತೇ ಬೇಡ. ನವೆಂಬರ್ 15 ಮತ್ತು 22ರ ಭಾನುವಾರಗಳೂ ಮೌನದ ದಿನಗಳೇ. 7ರ ಶನಿವಾರದ ಮರುದಿನ ದೀಪಾವಳಿ, ಅಂದು ಪ್ರತಿ ಭಾರತೀಯ ಸಂಘವೂ ಏನಾದರೊಂದು ಇಟ್ಟುಕೊಂಡಿರುತ್ತದೆ. ಹೀಗಾಗಿ ಸಮಿತಿಯು 14ರ ಶನಿವಾರವನ್ನು ಆರಿಸಿದ್ದು ಸರಿಯಾಗಿಯೇ ಇದೆ. ಎಷ್ಟೇ ತಡವಾದರೂ ಆ ರಾತ್ರಿ 2 ಗಂಟೆಯೊಳಗೆ ಮುಗಿಯುತ್ತದೆ.

ಹದಿನಾಲ್ಕು ದಿನಗಳ ಹಕ್ಕಿನ ವಿಷಯ. ಬಟ್ಟೆ ಅಥವಾ ಫೋನನ್ನು ಆನ್‌ಲೈನ್‌ನಲ್ಲಿ ಕೊಂಡರೆ ಆ ಹಕ್ಕು ಇದೆ. ಆದರೆ ನಿರ್ದಿಷ್ಟ ದಿನಾಂಕಕ್ಕೆ ನಿಗದಿಯಾದ ಮನರಂಜನಾ ಕಾರ್ಯಕ್ರಮದ ಟಿಕೆಟ್‌ಗಳನ್ನು ಅದೇ ಕಾನೂನು ಹೊರಗಿಟ್ಟಿದೆ. ಇಲ್ಲದ ಹಕ್ಕನ್ನು ಪ್ರಕಟಣೆಯಲ್ಲಿ ಬರೆದರೆ ಅದು ಸಂಘವೇ ಕೊಟ್ಟ ಮಾತಾಗುತ್ತದೆ, ಆಮೇಲೆ ಅದರಂತೆ ನಡೆಯಲೇಬೇಕಾಗುತ್ತದೆ. ಬರಲಾಗದವರು ತಮ್ಮ ಟಿಕೆಟನ್ನು ಬೇರೊಬ್ಬರ ಹೆಸರಿಗೆ ಬದಲಾಯಿಸಿಕೊಳ್ಳಬಹುದು ಎಂದಷ್ಟೇ ಬರೆಯಿರಿ, ಯುವಜನರಿಗೆ ಬೇಕಾದ ಧೈರ್ಯ ಅದರಿಂದಲೇ ಸಿಗುತ್ತದೆ.

ಹಾಸನದ ಹುಡುಗಿ

ನಾನು ನೀವು ಹೇಳುವ ಆ ವರ್ಗಕ್ಕೇ ಸೇರಿದವಳು. ಬಂದು ಒಂದೂವರೆ ವರ್ಷವಾಯಿತು. ಕರಡನ್ನು ಓದಿದಾಗ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ.

ಮೊದಲನೆಯದಾಗಿ, ನಾಲ್ವರ ಕುಟುಂಬ 90 ಯೂರೋ ಕೊಟ್ಟರೆ ತಲೆಗೆ 22 ಯೂರೋ 50 ಸೆಂಟ್ ಆಗುತ್ತದೆ. ಸದಸ್ಯತ್ವ ಪಡೆಯದೆ ಒಬ್ಬಳೇ ಬರುವ ನಾನು ಅದೇ ಕುರ್ಚಿಗೆ, ಅದೇ ಊಟಕ್ಕೆ 38 ಕೊಡಬೇಕು. ಹಣ ಕೊಡುವುದು ಕಷ್ಟವೆಂದಲ್ಲ. ಆದರೆ ಆ ಸಾಲನ್ನು ಓದಿದ ಕೂಡಲೇ ಇದು ಕುಟುಂಬಗಳ ಕಾರ್ಯಕ್ರಮ, ನಾನು ಹೊರಗಿನವಳು ಎನ್ನುವ ಭಾವನೆ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ಹೋದ ವರ್ಷ ನಾನು ಬಂದಿದ್ದೆ. ವೇದಿಕೆಯ ಕಾರ್ಯಕ್ರಮ ನಡೆಯುವಾಗ ಏನೂ ತೊಂದರೆ ಇರಲಿಲ್ಲ, ಕತ್ತಲಲ್ಲಿ ಎಲ್ಲರೂ ಒಂದೇ. ಊಟದ ಹೊತ್ತಿಗೆ ತಟ್ಟೆಯಲ್ಲಿ ಬಿಸಿಬೇಳೆ ಬಾತ್ ಹಾಕಿಸಿಕೊಂಡು ತಿರುಗಿ ನೋಡಿದರೆ ಪ್ರತಿ ಮೇಜಿನಲ್ಲೂ ಒಂದೊಂದು ಕುಟುಂಬ ಕುಳಿತಿತ್ತು, ಖಾಲಿ ಕುರ್ಚಿಗಳ ಮೇಲೆ ಮಕ್ಕಳ ಜಾಕೆಟ್ ಹಾಕಿ ಜಾಗ ಹಿಡಿದಿದ್ದರು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಕೇಳಿದ್ದರೆ ಜಾಗ ಕೊಡುತ್ತಿದ್ದರು. ಆದರೂ ನಾನು ಕಿಟಕಿಯ ಪಕ್ಕ ನಿಂತೇ ಊಟ ಮುಗಿಸಿದೆ. ಈ ವರ್ಷ ನಾನು ಟಿಕೆಟ್ ಕೊಳ್ಳುವುದು ಬಿಡುವುದು ಆ ಅರ್ಧ ಗಂಟೆ ಹೇಗಿರುತ್ತದೆ ಎಂಬುದರ ಮೇಲೆ ನಿಂತಿದೆ, ವೇದಿಕೆಯ ಮೇಲೆ ಯಾರು ಹಾಡುತ್ತಾರೆ ಎಂಬುದರ ಮೇಲಲ್ಲ.

ಎರಡು ಮಕ್ಕಳ ಅಮ್ಮ

ಹಾಸನದ ತಂಗಿಯ ಮಾತು ಓದಿ ಮನಸ್ಸಿಗೆ ಬೇಸರವಾಯಿತು, ಏಕೆಂದರೆ ಜಾಕೆಟ್ ಹಾಕಿ ಜಾಗ ಹಿಡಿಯುವವರಲ್ಲಿ ನಾನೂ ಒಬ್ಬಳು. ಆದರೆ ನಮ್ಮ ಕಡೆಯ ಮಾತನ್ನೂ ಕೇಳಬೇಕು. ನಮ್ಮ ಮಕ್ಕಳು ಎರಡು ತಿಂಗಳು ಪ್ರತಿ ಭಾನುವಾರ ಅಭ್ಯಾಸಕ್ಕೆ ಹೋಗುತ್ತಾರೆ, ಉಡುಪಿನ ಖರ್ಚು ನಮ್ಮದು, ಅವರು ಅರ್ಧ ತಟ್ಟೆ ಊಟವನ್ನೂ ಮಾಡುವುದಿಲ್ಲ. ಕುಟುಂಬದ ದರವನ್ನು ಏರಿಸಿ ಒಬ್ಬರೇ ಬರುವವರ ದರವನ್ನು ಇಳಿಸುತ್ತೇವೆ ಎಂದರೆ ಅಷ್ಟೊಂದು ಕುಟುಂಬಗಳು ಬರಲಾರವು. ಸಣ್ಣ ಮಕ್ಕಳಿಗಂತೂ ಟಿಕೆಟ್ ಇರಲೇಬಾರದು.

ಹಳೆಯ ಖಜಾಂಚಿ

ಯಾರ ದರವನ್ನೂ ಏರಿಸಬೇಕಾಗಿಲ್ಲ, ತಾಯಿ. ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಸಭಾಂಗಣದ ಬಾಡಿಗೆ, ಧ್ವನಿ ಬೆಳಕು, ಕಲಾವಿದರ ಪ್ರಯಾಣ, ವಿಮೆ, ಹಾಡುಗಳ ಹಕ್ಕಿಗಾಗಿ ಗೆಮಾ ಸಂಸ್ಥೆಗೆ ಕಟ್ಟುವ ಶುಲ್ಕ ಇವೆಲ್ಲ ಜನ ಎಷ್ಟೇ ಬಂದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ತಲೆಯೆಣಿಕೆಯಿಂದ ಬದಲಾಗುವುದು ಊಟದ ಖರ್ಚು. ಉದಾಹರಣೆಗೆ ದೊಡ್ಡವರ ಊಟಕ್ಕೆ 11 ಯೂರೋ, ಮಕ್ಕಳ ಊಟಕ್ಕೆ 6 ಯೂರೋ ಎಂದಿಟ್ಟುಕೊಳ್ಳಿ. ನಾಲ್ವರ ಕುಟುಂಬ 90 ಕೊಟ್ಟಾಗ ಊಟಕ್ಕೆ 34 ಹೋಗಿ, ಬಾಡಿಗೆ ಮೊದಲಾದ ಖರ್ಚಿಗೆ ಉಳಿಯುವುದು 56.

ಈಗ ನಾಲ್ವರು ಗೆಳೆಯರು ಒಟ್ಟಾಗಿ ಕೊಂಡರೆ 110 ಯೂರೋ ಎಂಬ ಹೊಸ ದರ ಇಡಿ. ಪ್ರತಿಯೊಬ್ಬರಿಗೆ 27 ಯೂರೋ 50 ಸೆಂಟ್ ಬೀಳುತ್ತದೆ. ನಾಲ್ಕು ದೊಡ್ಡವರ ಊಟಕ್ಕೆ 44 ಕಳೆದರೆ ಉಳಿಯುವುದು 66. ಅಂದರೆ ಗೆಳೆಯರ ಗುಂಪಿನ ಟಿಕೆಟ್ ಕುಟುಂಬದ ಟಿಕೆಟ್‌ಗಿಂತ ಹೆಚ್ಚನ್ನೇ ಸಂಘಕ್ಕೆ ಉಳಿಸುತ್ತದೆ, ಕೊಳ್ಳುವವರಿಗೆ 38 ಕೊಡುವ ಬದಲು ತಲೆಗೆ ಹತ್ತೂವರೆ ಯೂರೋ ಕಡಿಮೆಯಾಗುತ್ತದೆ. ಒಂಟಿ ಟಿಕೆಟ್ ಒಂದಕ್ಕೆ 27 ಉಳಿಯುವುದು ನಿಜ, ಆದರೆ ಆ ದರದಲ್ಲಿ ಹದಿನೈದು ಮಂದಿ ಬಂದರೆ 405. ಗುಂಪಿನ ದರದಲ್ಲಿ ನಲವತ್ತು ಮಂದಿ ಬಂದರೆ 660. ಖಾಲಿ ಕುರ್ಚಿಯಿಂದ ಬಾಡಿಗೆ ಹುಟ್ಟುವುದಿಲ್ಲ ಎಂಬುದನ್ನು ಸಮಿತಿಗೆ ಈ ಲೆಕ್ಕದಲ್ಲೇ ತೋರಿಸಿ.

ಮಕ್ಕಳಿಗೆ ಟಿಕೆಟ್ ಬೇಡ ಎನ್ನುವುದರಲ್ಲಿ ಒಂದು ಅಪಾಯವಿದೆ. ಸಭಾಂಗಣದ ಆಸನ ನಕ್ಷೆಯಲ್ಲಿ ಅನುಮತಿ ಪಡೆದ ಸಂಖ್ಯೆ ಎಷ್ಟಿದೆಯೋ ಅದಕ್ಕಿಂತ ಒಬ್ಬರೂ ಹೆಚ್ಚಾಗುವಂತಿಲ್ಲ, ಸಣ್ಣ ಮಕ್ಕಳೂ ಆ ಎಣಿಕೆಗೆ ಸೇರುತ್ತಾರೆ. ದರ ಸೊನ್ನೆ ಇರಲಿ, ಆದರೆ ಹೆಸರು ನೋಂದಾಯಿಸಿದ ಟಿಕೆಟ್ ಇರಲೇಬೇಕು. ಇಲ್ಲವಾದರೆ ಟಿಕೆಟ್ ಕೊಂಡವರನ್ನೇ ಬಾಗಿಲಲ್ಲಿ ನಿಲ್ಲಿಸುವ ಸ್ಥಿತಿ ಬರುತ್ತದೆ.

ಹಾಸನದ ಹುಡುಗಿ

ಲೆಕ್ಕ ಒಪ್ಪಿದೆ ಸರ್, ಆದರೆ ನಾಲ್ವರು ಗೆಳೆಯರಿದ್ದರೆ ಅವರು ಆಗಲೇ ಒಂಟಿಯಲ್ಲ. ಕನ್ನಡ ಮಾತನಾಡುವ ಒಬ್ಬರೂ ಪರಿಚಯವಿಲ್ಲದೆ, ಕಚೇರಿಯಲ್ಲಿ ಜರ್ಮನ್ ಮತ್ತು ಇಂಗ್ಲಿಷ್, ಮನೆಯಲ್ಲಿ ಫೋನ್ ಎಂದು ದಿನ ಕಳೆಯುವವರು ಈ ದರವನ್ನು ನೋಡಿ ಮತ್ತೆ ಹಿಂದೆ ಸರಿಯುತ್ತಾರೆ.

ಹಳೆಯ ಖಜಾಂಚಿ

ಸರಿಯಾದ ಮಾತು, ನೀವು ಅದನ್ನು ಎತ್ತಿದ್ದು ಒಳ್ಳೆಯದಾಯಿತು. ಅದಕ್ಕೆ ಉತ್ತರ ಟಿಕೆಟ್ ಅರ್ಜಿಯಲ್ಲೇ ಇರಬೇಕು. "ನಾನು ಒಬ್ಬರೇ ಬರುತ್ತಿದ್ದೇನೆ, ನನ್ನನ್ನು ಜೊತೆ ಮೇಜಿಗೆ ಸೇರಿಸಿ" ಎಂಬ ಒಂದು ಆಯ್ಕೆ ಇಡಿ. ಆ ಆಯ್ಕೆ ಒತ್ತಿದವರಿಗೂ 27 ಯೂರೋ 50 ಸೆಂಟ್ ದರವೇ ಅನ್ವಯಿಸಲಿ. ಎಂಟು ಜನರ ಮೇಜು, ಅದರಲ್ಲಿ ಏಳು ಮಂದಿ ಒಬ್ಬರೇ ಬಂದವರು, ಎಂಟನೆಯವರು ಸಂಘದ ಸ್ವಯಂಸೇವಕರು. ಆ ಸ್ವಯಂಸೇವಕರಿಗೆ ಅಂದು ಬೇರೆ ಕೆಲಸ ಹಚ್ಚಬಾರದು. ಬಾಗಿಲ ಬಳಿ ಟಿಕೆಟ್ ನೋಡುವುದು, ಮೈಕ್ ಹಿಡಿಯುವುದು, ಊಟ ಬಡಿಸುವುದು ಎಂದು ಎಳೆದುಕೊಂಡು ಹೋದರೆ ಮೇಜು ಮತ್ತೆ ಅನಾಥವಾಗುತ್ತದೆ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳಿರುವ ಮೇಜೇ ಬೇಕೆಂದರೆ ಅದನ್ನೂ ಕೇಳುವ ಜಾಗ ಅರ್ಜಿಯಲ್ಲಿರಲಿ.

ಧಾರವಾಡದವ

ನಾನು ಇಂಗೋಲ್‌ಸ್ಟಾಟ್‌ನಲ್ಲಿ ಇದ್ದೇನೆ. ಮೇಜಿನ ವಿಚಾರ ಬರುವ ಮೊದಲು ಊಟದ ವಿಚಾರ ಬರಬೇಕಿತ್ತು. "ರುಚಿಕರ ಭೋಜನ" ಎಂದು ನಂಬಿ ಒಮ್ಮೆ ಬೇರೊಂದು ಊರಿನ ಕಾರ್ಯಕ್ರಮಕ್ಕೆ ಹೋದರೆ ಪನೀರ್, ಛೋಲೆ, ನಾನ್ ಬಡಿಸಿದ್ದರು. ನನಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆ ಎಂದು ಯಾರಾದರೂ ಖಚಿತವಾಗಿ ಬರೆದರೆ 38 ಯೂರೋ ಅಲ್ಲ, 50 ಕೊಟ್ಟೂ ಬರುತ್ತೇನೆ. ಉತ್ತರ ಕರ್ನಾಟಕದವರು ಇಲ್ಲಿ ಎಷ್ಟೋ ಮಂದಿ ಇದ್ದೇವೆ, ಆದರೆ ಪ್ರತಿ ಸಂಘದ ಊಟವೂ ಬಿಸಿಬೇಳೆ ಬಾತ್ ಮತ್ತು ಕೋಸಂಬರಿಯಲ್ಲೇ ಮುಗಿದುಹೋಗುತ್ತದೆ.

ತುಂಗಾತೀರ

ಧಾರವಾಡದ ಅಣ್ಣ, ಅಡುಗೆಯವರೊಂದಿಗೆ ಮಾತುಕತೆ ನಡೆಯುತ್ತಿದೆ. ರೊಟ್ಟಿಯನ್ನು ಮುನ್ನೂರು ಜನರಿಗೆ ಬಿಸಿಯಾಗಿ ಕೊಡಲು ಆಗುವುದಿಲ್ಲ ಎನ್ನುತ್ತಿದ್ದಾರೆ.

ಧಾರವಾಡದವ

ಬಿಸಿ ರೊಟ್ಟಿಯೇ ಬೇಕೆಂದು ಯಾರು ಹೇಳಿದರು? ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ, ಊರಿನಲ್ಲಿ ಮದುವೆಗೂ ಮೊದಲೇ ಬಡಿದು ಒಣಗಿಸಿ ಇಡುತ್ತಾರೆ. ಅದನ್ನು ಮುರಿದು ಎಣ್ಣೆಗಾಯಿ, ಮೊಸರಿನ ಜೊತೆ ಬಡಿಸಿದರೆ ಸಾಕು. ಶೇಂಗಾ ಚಟ್ನಿಯನ್ನು ಮಾತ್ರ ಬೇರೆ ಪಾತ್ರೆಯಲ್ಲಿಟ್ಟು ಹೆಸರು ಬರೆಯಿರಿ, ಶೇಂಗಾ ಆಗದವರು ಇರುತ್ತಾರೆ. ಮತ್ತೊಂದು ವಿಷಯ, ನಾನು ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಪ್ರಾದೇಶಿಕ ರೈಲಿನಲ್ಲಿ ಬರುವವನು. ಆ ಟಿಕೆಟ್ ವೇಗದ ದೂರ ರೈಲುಗಳಲ್ಲಿ ನಡೆಯುವುದಿಲ್ಲ. ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕರಡಿನಲ್ಲಿ ಎಲ್ಲಿಯೂ ಇಲ್ಲ. ಮುಗಿಯುವ ಸಮಯ ಗೊತ್ತಿಲ್ಲದಿದ್ದರೆ ಔಗ್ಸ್‌ಬುರ್ಗ್, ಇಂಗೋಲ್‌ಸ್ಟಾಟ್ ಕಡೆಯವರು ಟಿಕೆಟ್ ಕೊಳ್ಳುವುದು ಹೇಗೆ?

ನೇತ್ರಾವತಿ

ನಮಸ್ಕಾರ, ಇಲ್ಲಿ ಟಿಕೆಟ್ ಮಾರಾಟದ ಚರ್ಚೆ ನಡೆಯುತ್ತಿದೆ ಎಂದು ನೋಡಿ ಬರೆಯುತ್ತಿದ್ದೇನೆ. ನನ್ನ ಬಳಿ ಬೇರೊಂದು ಸಂಗೀತ ಕಾರ್ಯಕ್ರಮದ ಎರಡು ಹೆಚ್ಚುವರಿ ಟಿಕೆಟ್‌ಗಳಿವೆ. ಕ್ಯೂಆರ್ ಕೋಡ್‌ನ ಚಿತ್ರವನ್ನು ಇಲ್ಲಿ ಹಾಕಿದರೆ ಯಾರಾದರೂ ತೆಗೆದುಕೊಳ್ಳುತ್ತೀರಾ?

ಹಳೆಯ ಖಜಾಂಚಿ

ನೇತ್ರಾವತಿಯವರೇ, ಇದು ಟಿಕೆಟ್ ಮಾರುವ ಜಾಗವಲ್ಲ. ಆದರೂ ದಯವಿಟ್ಟು ಆ ಚಿತ್ರವನ್ನು ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಹಾಕಬೇಡಿ. ಬಾಗಿಲಲ್ಲಿ ಕೋಡನ್ನು ಮೊದಲು ತೋರಿಸಿದವರು ಒಳಗೆ ಹೋಗುತ್ತಾರೆ, ಹಣ ಕೊಟ್ಟವರು ಹೊರಗೆ ಉಳಿಯುತ್ತಾರೆ. ಆಯೋಜಕರಿಗೆ ಪತ್ರ ಬರೆದು ಹೆಸರು ಬದಲಾಯಿಸಿ ಹೊಸ ಕೋಡ್ ಕೇಳಿ.

ತುಂಗಾತೀರ, ಇದು ನಿಮ್ಮ ಪ್ರಚಾರಕ್ಕೂ ಸಂಬಂಧಿಸಿದ್ದು. ಟಿಕೆಟ್‌ಗಳು ಮುಗಿದವು ಎಂದು ಪ್ರಕಟಿಸಿದ ಮರುಕ್ಷಣವೇ ಗುಂಪುಗಳಲ್ಲಿ ಅಪರಿಚಿತರು "ನನ್ನ ಬಳಿ ಒಂದು ಟಿಕೆಟ್ ಇದೆ" ಎಂದು ಬರುತ್ತಾರೆ, ಪೇಪಾಲ್‌ನಲ್ಲಿ ಸ್ನೇಹಿತರಿಗೆ ಕಳುಹಿಸುವ ರೀತಿಯಲ್ಲಿ ಹಣ ಕೇಳುತ್ತಾರೆ. ಹಾಗೆ ಕಳುಹಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆ ಇರುವುದಿಲ್ಲ. ಸಿಕ್ಕಿಬೀಳುವವರು ಹೆಚ್ಚಾಗಿ ಹೊಸದಾಗಿ ಬಂದವರೇ. ಹೆಸರು ಬದಲಾವಣೆ ಸಂಘದ ಮೂಲಕ ಮಾತ್ರ ಎಂದು ಮೊದಲ ದಿನದ ಪ್ರಕಟಣೆಯಲ್ಲೇ ಬರೆದುಬಿಡಿ. ಹಾಗೆಯೇ, ಹೋದ ವರ್ಷ ಬಂದವರ ಮಿಂಚಂಚೆ ಪಟ್ಟಿ ಕೈಯಲ್ಲಿದೆ ಎಂದು ಎಲ್ಲರಿಗೂ ಕಳುಹಿಸಬೇಡಿ, ಪ್ರಚಾರದ ಪತ್ರಕ್ಕೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕಳುಹಿಸಿ.

ಬಸವನಗುಡಿಯವ

ಖಜಾಂಚಿಯವರ ವಿವರಣೆಗೆ ಧನ್ಯವಾದಗಳು, ಮೌನದ ದಿನದ ವಿಷಯ ನನಗೆ ಹೊಸದು. ಹಾಗಾದರೆ ಮಾರಾಟವನ್ನು ಯಾವಾಗ ತೆರೆಯಬೇಕು? ಈಗಲೇ ತೆರೆದು, ಮೊದಲು ಕೊಂಡವರಿಗೆ ರಿಯಾಯಿತಿ ಕೊಟ್ಟರೆ ಒಳ್ಳೆಯದಲ್ಲವೇ?

ಹಳೆಯ ಖಜಾಂಚಿ

ಈ ರಿಯಾಯಿತಿ ಕುಟುಂಬಗಳಿಗೆ ಹಿಡಿಸುತ್ತದೆ, ಯುವಜನರಿಗೆ ಅಷ್ಟಾಗಿ ಅಲ್ಲ. ಮಗು ಕುಣಿಯುವುದು ಖಚಿತವಾದ ದಿನವೇ ತಂದೆ ತಾಯಿ ಟಿಕೆಟ್ ಕೊಳ್ಳುತ್ತಾರೆ. ಒಬ್ಬರೇ ಇರುವವರು ಶನಿವಾರದ ಯೋಜನೆಯನ್ನು ಆ ವಾರವೇ ಮಾಡುತ್ತಾರೆ. ಇಲ್ಲಿ ಸಂಬಳ ಬರುವುದು ಸಾಮಾನ್ಯವಾಗಿ ತಿಂಗಳ ಕೊನೆಯಲ್ಲಿ. ಅಕ್ಟೋಬರ್ 4ರವರೆಗೆ ಊರೆಲ್ಲ ಅಕ್ಟೋಬರ್ ಉತ್ಸವದ ಗದ್ದಲದಲ್ಲಿರುತ್ತದೆ. ಹಾಗಾಗಿ ಅದು ಮುಗಿದ ಕೂಡಲೇ ಮಾರಾಟ ತೆರೆಯಿರಿ, ಎರಡನೆಯ ಜ್ಞಾಪನೆಯನ್ನು ಅಕ್ಟೋಬರ್ ಕೊನೆಯಲ್ಲಿ ಕಳುಹಿಸಿ. ಅಕ್ಟೋಬರ್ 25ರಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮರುದಿನದಿಂದ ಕಚೇರಿ ಬಿಟ್ಟು ಹೊರಬರುವಾಗಲೇ ಕತ್ತಲು. ಮನೆಯ ನೆನಪು ಜೋರಾಗುವ ವಾರ ಅದು, ಸಂಬಳವೂ ಅದೇ ವಾರ.

ಎರಡು ಮಕ್ಕಳ ಅಮ್ಮ

ಜೊತೆ ಮೇಜಿಗೆ ಸ್ವಯಂಸೇವಕರು ಬೇಕಾದರೆ ನನ್ನ ಹೆಸರು ಬರೆದುಕೊಳ್ಳಿ. ಮಕ್ಕಳನ್ನು ಅವರ ಅಪ್ಪ ನೋಡಿಕೊಳ್ಳುತ್ತಾರೆ. ಆದರೆ ಒಂದು ಮಾತು, ಒಬ್ಬರೇ ಬಂದವರನ್ನೆಲ್ಲ ಒಂದೇ ಕಡೆ ಕೂರಿಸುವುದಕ್ಕಿಂತ ಕುಟುಂಬಗಳ ಮೇಜಿನಲ್ಲೇ ಇಬ್ಬಿಬ್ಬರಿಗೆ ಜಾಗ ಇಟ್ಟರೆ ಹೆಚ್ಚು ಆತ್ಮೀಯವಾಗಿರುವುದಿಲ್ಲವೇ? ಮನೆಯ ವಾತಾವರಣ ಬೇಕೆಂದೇ ತಾನೇ ಅವರು ಬರುವುದು?

ಹಾಸನದ ಹುಡುಗಿ

ಅಕ್ಕ, ನಿಮ್ಮ ಪ್ರೀತಿಗೆ ಋಣಿ. ನನಗೆ ಮಾತ್ರ ನನ್ನ ವಯಸ್ಸಿನವರ ಮೇಜೇ ಇಷ್ಟ. ಕುಟುಂಬದ ಮೇಜಿನಲ್ಲಿ ಮೊದಲ ಪ್ರಶ್ನೆ ಮದುವೆಯದೇ ಆಗಿರುತ್ತದೆ, ಅದನ್ನು ಊರಿನಿಂದ ಬರುವ ಫೋನಿನಲ್ಲೇ ಸಾಕಷ್ಟು ಕೇಳುತ್ತೇನೆ. ಆದರೆ ಬೇರೆಯವರಿಗೆ ಮನೆಯವರ ನಡುವೆ ಕೂರುವ ಆಸೆ ಇರಬಹುದು, ನನ್ನ ಸ್ನೇಹಿತೆಯೊಬ್ಬಳು ಹಾಗೆಯೇ ಹೇಳುತ್ತಾಳೆ. ಅರ್ಜಿಯಲ್ಲಿ ಎರಡನ್ನೂ ಕೇಳಿ.

ತುಂಗಾತೀರ

ನಿಮ್ಮೆಲ್ಲರ ಮಾತುಗಳನ್ನು ಸೇರಿಸಿ ಪ್ರಕಟಣೆಯನ್ನು ಹೊಸದಾಗಿ ಬರೆದಿದ್ದೇನೆ. ಅಡುಗೆಯವರು ಕಟಕ ರೊಟ್ಟಿಗೆ ಒಪ್ಪಿದ್ದಾರೆ.

"ನವೆಂಬರ್ 14ರ ಶನಿವಾರ ಸಂಜೆ 4 ಗಂಟೆಗೆ ಬಾಗಿಲು ತೆರೆಯುತ್ತದೆ, ವೇದಿಕೆಯ ಕಾರ್ಯಕ್ರಮ 4:30ಕ್ಕೆ ಆರಂಭವಾಗುತ್ತದೆ, 7:30ಕ್ಕೆ ಊಟ, ರಾತ್ರಿ 9:30ಕ್ಕೆ ಮುಕ್ತಾಯ. ಊಟಕ್ಕೆ ಕಟಕ ರೊಟ್ಟಿ, ಎಣ್ಣೆಗಾಯಿ, ಬಿಸಿಬೇಳೆ ಬಾತ್, ಕೋಸಂಬರಿ, ಮೊಸರನ್ನ ಮತ್ತು ಹೋಳಿಗೆ ಇರುತ್ತವೆ. ನೀವು ಒಬ್ಬರೇ ಬರುತ್ತಿದ್ದರೆ ಅರ್ಜಿಯಲ್ಲಿ ತಿಳಿಸಿ. ನಿಮ್ಮ ವಯಸ್ಸಿನವರ ಮೇಜು ಬೇಕೋ, ಕುಟುಂಬದವರ ಮೇಜು ಬೇಕೋ ನೀವೇ ಆರಿಸಿಕೊಳ್ಳಬಹುದು, ಹೆಣ್ಣುಮಕ್ಕಳದೇ ಮೇಜು ಬೇಕೆಂದರೂ ಬರೆಯಬಹುದು. ನಮ್ಮ ಸ್ವಯಂಸೇವಕರೊಬ್ಬರು ಬಾಗಿಲಲ್ಲೇ ನಿಮ್ಮನ್ನು ಭೇಟಿಯಾಗಿ ಮೇಜಿನವರೆಗೆ ಕರೆದುಕೊಂಡು ಹೋಗುತ್ತಾರೆ. ಈ ಆಸನಕ್ಕೆ 27 ಯೂರೋ 50 ಸೆಂಟ್, ಸದಸ್ಯತ್ವ ಬೇಕಿಲ್ಲ. ನಾಲ್ವರು ಗೆಳೆಯರು ಒಟ್ಟಿಗೆ ಬಂದರೆ 110 ಯೂರೋ, ಮಕ್ಕಳಿರುವ ನಾಲ್ವರ ಕುಟುಂಬಕ್ಕೆ 90 ಯೂರೋ. ಬರಲಾಗದಿದ್ದರೆ ಸಂಘಕ್ಕೆ ಬರೆದು ಟಿಕೆಟನ್ನು ಬೇರೊಬ್ಬರ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಬೇರೆಯವರಿಂದ ಟಿಕೆಟ್ ಕೊಳ್ಳಬೇಡಿ."

ತಡವಾಗಿ ಕೊಳ್ಳುವವರಿಗಾಗಿ ಮೂವತ್ತು ಆಸನಗಳನ್ನು ಕೊನೆಯ ವಾರದವರೆಗೆ ಕಾಯ್ದಿಡಬೇಕು ಎಂದು ಸಮಿತಿಗೆ ಸೂಚಿಸಲಿದ್ದೇನೆ.

ಹಳೆಯ ಖಜಾಂಚಿ

ಪ್ರಕಟಣೆ ಬಹಳ ಸ್ಪಷ್ಟವಾಗಿದೆ. ಹಿಂದೆ ಸದಸ್ಯರಿಗೆ ಇದ್ದ 30 ಯೂರೋ ದರ ಈಗ ಜೊತೆ ಮೇಜಿನ ದರಕ್ಕಿಂತ ಹೆಚ್ಚಾಯಿತು ಎಂಬುದನ್ನು ಗಮನಿಸಿ, ಸದಸ್ಯರು ಕೇಳಿಯೇ ಕೇಳುತ್ತಾರೆ. ಸಮಿತಿಯಲ್ಲಿ ಅದಕ್ಕೆ ಉತ್ತರ ಸಿದ್ಧವಿರಲಿ. ಮೂವತ್ತು ಆಸನಗಳ ವಿಚಾರದಲ್ಲಿ ಮಾತ್ರ ನನಗೆ ಪೂರ್ಣ ಒಪ್ಪಿಗೆ ಇಲ್ಲ. ಊಟದ ಸಂಖ್ಯೆಯನ್ನು ಅಡುಗೆಯವರಿಗೆ ಸುಮಾರು ಒಂದು ವಾರ ಮೊದಲೇ ಕೊಡಬೇಕಾಗುತ್ತದೆ, ಆ ಮೂವತ್ತು ತಟ್ಟೆಗಳು ಮಾರಾಟವಾಗದಿದ್ದರೆ 330 ಯೂರೋ ಸಂಘದ ಮೇಲೆ ಬೀಳುತ್ತದೆ.

ಹಾಸನದ ಹುಡುಗಿ

ಸರ್, ಮೂವತ್ತರ ಬದಲು ಹದಿನಾರು ಇಟ್ಟರೆ ಎರಡು ಮೇಜು ಆಗುತ್ತದೆ. ನನ್ನ ಕಚೇರಿಯ ಕಡೆಯಿಂದಲೇ ಐದಾರು ಮಂದಿ ಕೊನೆಯ ಕ್ಷಣದಲ್ಲಿ ಬರುವವರಿದ್ದಾರೆ. ಮಾರಾಟ ತೆರೆದ ದಿನ ನನಗೆ ಕೊಂಡಿ ಕಳುಹಿಸಿ, ನನ್ನ ಟಿಕೆಟನ್ನು ಅಂದೇ ಕೊಳ್ಳುತ್ತೇನೆ.